ಖಳನ ಹೆಸರಿಗೆ ಎಷ್ಟು ಸದ್ದು ಬೇಕು?

ಅಂಧೇರಿಯ ಹೋಟೆಲ್ ಹುಡುಗರಿಗೆ ಮೀಟರ್ ಬಡ್ಡಿಗೆ ಸಾಲ ಕೊಡುವವನೊಬ್ಬ ನಮ್ಮ ಹೊಸ ನಾಟಕದ ಖಳ. ಮೊದಲ ಪ್ರತಿಯಲ್ಲಿ ಅವನ ಹೆಸರು ಭರ್ಜಂಡ. ಮಾಟುಂಗದ ತಾಲೀಮಿನಲ್ಲಿ ಆ ಹೆಸರು ಕೇಳಿದಾಗಲೆಲ್ಲ ನಗು ಬರುತ್ತಿತ್ತು. ಇದು ನಟನ ತಪ್ಪಲ್ಲ, ಹೆಸರಿನದ್ದೇ ತಪ್ಪು ಅಂತ ನನ್ನ ವಾದ.

ಭ, ರ್ಜ, ಂಡ. ಒಂದೊಂದು ಅಕ್ಷರವೂ ಗುದ್ದುತ್ತದೆ, ಉಸಿರಾಡಲು ಎಲ್ಲೂ ಜಾಗ ಇಲ್ಲ. ಮೇಲಾಗಿ ಆಡುಮಾತಿನಲ್ಲಿ ನಾವು ಮಹಾಪ್ರಾಣವನ್ನು ಒತ್ತಿ ಹೇಳುವುದು ಕಡಿಮೆ. ಒತ್ತಿದ ಕೂಡಲೇ ಮಾತು ಯಕ್ಷಗಾನದ ಅರ್ಥಗಾರಿಕೆಯ ಕಡೆ ಹೋಗುತ್ತದೆ. ಚೆಂಡೆಯ ಜೊತೆ ಅದು ಚೆಂದ. ಚಾಳಿನ ಬಾಗಿಲಲ್ಲಿ ನಿಂತವನಿಗೆ ಅದು ವೇಷ. ಮಹಾಭಾರತವನ್ನೇ ನೋಡಿ: ಎಲ್ಲರಿಗಿಂತ ಜೋರು ಸದ್ದಿನ ಘಟೋತ್ಕಚ ಪಾಂಡವರ ಕಡೆಯವನು. ಶಕುನಿಯ ಹೆಸರು ಎಷ್ಟು ಹಗುರ ಅಲ್ವಾ!

ಹಾಗಂತ ಸದಾನಂದ ಅಂತ ಇಟ್ಟರೂ ಆಗಲಿಲ್ಲ. ನಟನಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

ಕೊನೆಗೆ ನಿಂತದ್ದು ದುಗ್ಗಪ್ಪ. ಊರಲ್ಲಿ ನಿಜವಾಗಿ ಇರುವ ಹೆಸರು. ಒಬ್ಬ ತಾಯಿ ಊಟಕ್ಕೆ ಕರೆಯಬಹುದಾದ ಹೆಸರು. ಇದರ ಬಲ ಇರುವುದು ಒತ್ತಕ್ಷರದಲ್ಲಿ. ‘ಗ್ಗ’ ಅನ್ನುವಾಗ ಗಂಟಲ ಹತ್ತಿರ ಗಾಳಿ ಒಂದು ಕ್ಷಣ ಕಟ್ಟಿ ನಿಂತು, ಆಮೇಲೆ ಬಿಡುತ್ತದೆ. ‘ಪ್ಪ’ದಲ್ಲಿ ತುಟಿ ಮುಚ್ಚಿ ಮತ್ತೆ ಹಾಗೇ ಆಗುತ್ತದೆ. ಮೆಲ್ಲಗೆ ಹೇಳಿದಷ್ಟೂ ಆ ತಡೆ ಜಾಸ್ತಿ ಕೇಳುತ್ತದೆ. ‘ದುಗ್ಗಪ್ಪ ಬಂದಿದ್ದಾರೆ’ ಅಂತ ಪಿಸುಮಾತಿನಲ್ಲಿ ಹೇಳಿ ನೋಡಿ. ಭರ್ಜಂಡನನ್ನು ಪಿಸುಗುಟ್ಟಲು ಆಗುವುದಿಲ್ಲ.

ಇನ್ನೊಂದು ಲಾಭವೂ ಸಿಕ್ಕಿತು. ಸಾಲ ತೆಗೆದುಕೊಂಡವರು ಎದುರಿಗೆ ಅವನನ್ನು ದುಗ್ಗಣ್ಣ ಅನ್ನುತ್ತಾರೆ. ‘ಣ್ಣ’ ಮೂಗಿನಲ್ಲಿ ಹರಿದು ಹೋಗುವ ಸದ್ದು, ಹೆಸರು ಮೆತ್ತಗಾಗುತ್ತದೆ. ಅವನು ಆಚೆ ಹೋದ ಮೇಲೆ ಮತ್ತೆ ದುಗ್ಗಪ್ಪ. ಭಯ ಯಾರಿಗೆ, ಎಷ್ಟು ಅಂತ ಬೇರೆ ಮಾತಿಲ್ಲದೆ ಗೊತ್ತಾಗುತ್ತದೆ.

ಮುಂಬೈಯಲ್ಲಿ ಬೆಳೆದ ಮಕ್ಕಳು ಕ್ರಾಗ್, ಝಾರ್ ಥರದ ಹೆಸರು ಸೂಚಿಸಿದರು. ಬರಿದಾಗಿ ಕೇಳಿದರೆ ಚುರುಕಾಗಿವೆ. ಆದರೆ ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಳ್ಳುತ್ತದೆ: ಕ್ರಾಗನಿಗೆ, ಕ್ರಾಗನಿಂದ. ಕೊನೆಯ ಆ ಕಡಿತ ಹೋಯಿತು, ಉಳಿದದ್ದು ಕಾಮಿಕ್ಸ್. ದುಗ್ಗಪ್ಪನಿಗೆ ಅಂದರೂ ‘ಗ್ಗ’, ‘ಪ್ಪ’ ಎರಡೂ ಇದ್ದಲ್ಲೇ ಇರುತ್ತವೆ. ಹಾಗಾಗಿ ಹೆಸರನ್ನು ಬರಿದಾಗಿ ಅಲ್ಲ, ವಾಕ್ಯದೊಳಗೆ ಹಾಕಿಯೇ ಕೇಳಬೇಕು. ಅಡ್ಡಹೆಸರನ್ನು ಮಾತ್ರ ನಾನು ಬೇಕೆಂದೇ ಬಿಟ್ಟೆ. ಇಲ್ಲಿ ಅಡ್ಡಹೆಸರು ಕೇಳಿದರೆ ಜಾತಿ ಗೊತ್ತಾಗುತ್ತದೆ. ಆಗ ಕೆಡುಕು ಒಬ್ಬ ಮನುಷ್ಯನನ್ನು ಬಿಟ್ಟು ಒಂದು ಸಮುದಾಯದ ಮೇಲೆ ಕೂರುತ್ತದೆ.

ಸದ್ದಿಗೂ ಮಿತಿ ಇದೆ. ಬೌಬಾ, ಕಿಕಿ ಎಂಬ ಸುಳ್ಳು ಪದಗಳ ಪ್ರಯೋಗವನ್ನು ರಾಮಚಂದ್ರನ್ ಮತ್ತು ಹಬರ್ಡ್ ಎಂಬ ವಿಜ್ಞಾನಿಗಳು 2001ರಲ್ಲಿ ಬರೆದರು. ಹೆಚ್ಚಿನವರು ಕಿಕಿಯನ್ನು ಚೂಪು ಆಕಾರಕ್ಕೆ, ಬೌಬಾವನ್ನು ಗುಂಡನೆಯದಕ್ಕೆ ಜೋಡಿಸುತ್ತಾರೆ. ಸದ್ದು ಆಕಾರ ಹೇಳುತ್ತದೆ, ಕೆಟ್ಟತನ ಹೇಳುವುದಿಲ್ಲ. ಅದು ಸುತ್ತಲಿನ ಹೆಸರುಗಳಿಂದಲೂ ಬರಬೇಕು. ನಮ್ಮ ನಾಯಕ ಮೊದಲು ಸುಬ್ಬಪ್ಪ ಆಗಿದ್ದ. ಇಬ್ಬರಿಗೂ ಒಂದೇ ಲಯ, ಒಂದೇ ಒತ್ತು. ದುಗ್ಗಪ್ಪನ ಒತ್ತಿಗೆ ಬೆಲೆಯೇ ಇರಲಿಲ್ಲ. ಈಗ ನಾಯಕನ ಹೆಸರು ಶೀನ.