ಆರು ದಿನ ಸಿಗ್ನಲ್ ಇಲ್ಲ, ಮೂರು ಸಲ ಮಂಡ್ಯಕ್ಕೆ ಅಲೆದಾಟ: ತಪ್ಪು ಇದ್ದದ್ದು ಒಂದು ಸೆಟ್ಟಿಂಗ್‌ನಲ್ಲಿ

ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ. ಎಪ್ಪತ್ತು ದಾಟಿದ ಮನುಷ್ಯನನ್ನು ಒಂದು ಸಿಮ್ ಕಾರ್ಡಿಗಾಗಿ ಮೂರು ಸಲ ಬಸ್ಸು ಹತ್ತಿಸಿದವರ ಮೇಲಿನ ಸಿಟ್ಟು ಇದು.

ನಮ್ಮ ಅಪ್ಪ ಇರುವುದು ಮಂಡ್ಯ ತಾಲ್ಲೂಕಿನ ಕೆರಗೋಡು ಕಡೆಯ ಹಳ್ಳಿಯಲ್ಲಿ, ನಾನು ಮೈಸೂರಿನಲ್ಲಿ. ಹಳೆಯ ಕಂಪನಿಯ ಸಿಗ್ನಲ್ ಮನೆಯೊಳಗೆ ಸಿಗುತ್ತಿರಲಿಲ್ಲ. ಮಾತನಾಡಬೇಕಾದರೆ ಜಗಲಿಗೆ ಬರಬೇಕಿತ್ತು. ಹಾಗಾಗಿ ಅದೇ ಸಂಖ್ಯೆಯನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದೆವು. ಸೋಮವಾರ ಬೆಳಿಗ್ಗೆ ಹಳೆಯ ಸಿಮ್ ಸತ್ತಿತು. ಹಳೆಯದು ಸತ್ತಿತೆಂದರೆ ಸಂಖ್ಯೆ ಹೊಸ ಕಂಪನಿಗೆ ದಾಟುತ್ತಿದೆ ಎಂದೇ ಅರ್ಥ; ಕೆಲವು ಗಂಟೆಗಳಲ್ಲಿ ಹೊಸ ಸಿಮ್‌ಗೆ ಜೀವ ಬರಬೇಕು. ಅಪ್ಪ ಹೊಸದನ್ನು ಹಾಕಿಕೊಂಡು ಸಂಜೆಯವರೆಗೆ ಕಾದರು. ಪರದೆಯ ಮೇಲೆ ಒಂದೇ ಒಂದು ಕಡ್ಡಿಯೂ ಮೂಡಲಿಲ್ಲ. ‘No service’ ಎಂಬ ಎರಡು ಪದ ಮಾತ್ರ.

ಮಂಗಳವಾರ ಮಂಡ್ಯದ ಅಂಗಡಿಗೆ ಹೋದರು. “ಯಜಮಾನರೇ, 24 ಗಂಟೆ ಕಾಯಬೇಕು, ನಿಯಮ ಇದೆ” ಎಂದು ಹುಡುಗ ತಲೆಯೆತ್ತದೆ ಹೇಳಿ ಕಳಿಸಿದ. ಯಾವ ನಿಯಮ? ಸಿಮ್ ಬದಲಾಯಿಸಿಕೊಂಡವರಿಗೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವ ನಿಯಮ ಇರುವುದು ನಿಜ. ನಕಲಿ ಸಿಮ್ ಪಡೆದ ಮೋಸಗಾರರಿಗೆ ಒಟಿಪಿ ಸಿಗಬಾರದು ಎಂಬುದು ಅದರ ಉದ್ದೇಶ. ಅದು ಸಂದೇಶಗಳಿಗೆ ಮಾತ್ರ. ಸಿಗ್ನಲ್ ಕಡ್ಡಿಗಳನ್ನು ಅಳಿಸಿಹಾಕುವ ನಿಯಮ ಯಾವುದೂ ಇಲ್ಲ. ಅರ್ಧ ಕೇಳಿಸಿಕೊಂಡ ಮಾತನ್ನು ಎದುರಿಗೆ ನಿಂತ ಮುದುಕನ ಮೇಲೆ ಎಸೆದರೆ ಮುಗಿಯಿತೇ?

ಗುರುವಾರ ಮತ್ತೆ ಹೋದರು. ಈ ಸಲ ಫೋನಿನ ಹಿಂಬದಿ ತೆಗೆದು, ಸಿಮ್ ಕಿತ್ತು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿದ. ಆಮೇಲೆ ಏನೇನೋ ಒತ್ತಿ, ಏನೋ ಟೈಪ್ ಮಾಡಿ, “ಸೆಟ್ಟಿಂಗ್ ಹಾಕಿದ್ದೇನೆ, ಊರಿಗೆ ಹೋದ ಮೇಲೆ ಬರುತ್ತದೆ” ಎಂದು ನೂರು ರೂಪಾಯಿ ಇಸಿದುಕೊಂಡ. ಊರಿಗೆ ಬಂದರೆ ಅದೇ ‘No service’. ಶುಕ್ರವಾರ ಮೂರನೆಯ ಬಾರಿ ಹೋದಾಗ ತೀರ್ಪೇ ಬಂತು: “ಫೋನು ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ.” ಅಪ್ಪ ಗಾಜಿನ ಪೆಟ್ಟಿಗೆಯೊಳಗಿನ ಫೋನುಗಳ ಬೆಲೆ ಕೇಳಿಕೊಂಡು ವಾಪಸ್ಸು ಬಂದರು.

ಭಾನುವಾರ ನಾನು ಊರಿಗೆ ಹೋದೆ. ಮೊದಲು ಮಾಡಿದ್ದು ಒಂದೇ ಕೆಲಸ: ಅಪ್ಪನ ಸಿಮ್ ತೆಗೆದು ನನ್ನ ಫೋನಿಗೆ ಹಾಕಿದೆ. ಆ ಸಿಮ್‌ನ ಹೊಂಬಣ್ಣದ ಮೈಮೇಲೆ ಆಗಲೇ ಗೀರುಗಳು ಬಿದ್ದಿದ್ದವು. ಒಂದು ನಿಮಿಷದೊಳಗೆ ನಡುಮನೆಯಲ್ಲೇ ಮೂರು ಕಡ್ಡಿ ಬಂತು, ಕರೆಯೂ ಹೋಯಿತು. ಅಂದರೆ ಸಿಮ್ ಸರಿ, ಟವರ್ ಸರಿ, ಪೋರ್ಟ್ ಮುಗಿದಿದೆ. ದೋಷ ಏನಿದ್ದರೂ ಅಪ್ಪನ ಫೋನಿನೊಳಗೇ ಇರಬೇಕು. ಈ ಒಂದು ಪರೀಕ್ಷೆಯನ್ನು ಆ ಅಂಗಡಿಯವನು ಮಂಗಳವಾರವೇ ಮಾಡಬಹುದಿತ್ತು. ಅವನ ಮೇಜಿನ ಮೇಲೆ ಹತ್ತು ಫೋನುಗಳಿದ್ದವಂತೆ!

ಅಪ್ಪನ ಫೋನಿನಲ್ಲಿ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ ತೆರೆದು Preferred network type ನೋಡಿದೆ. ಅಲ್ಲಿ ‘2G only’ ಎಂದಿತ್ತು. ನೋಡಿದ ಕ್ಷಣವೇ ಎಲ್ಲವೂ ಅರ್ಥವಾಯಿತು. ಕಳೆದ ವರ್ಷ ಬ್ಯಾಟರಿ ಬೇಗ ಮುಗಿಯುತ್ತದೆ ಎಂದಾಗ ಯಾರೋ ಅದನ್ನು ಹಾಗೆ ಇಟ್ಟುಕೊಟ್ಟಿದ್ದರು. ಹಳೆಯ ಕಂಪನಿಗೆ 2ಜಿ ಜಾಲ ಇತ್ತು, ಆದ್ದರಿಂದ ಕರೆಗಳು ಬರುತ್ತಿದ್ದವು. ಅಪ್ಪನಿಗೆ ಅಷ್ಟೇ ಬೇಕಿತ್ತು. ಹೊಸ ಕಂಪನಿ ನಡೆಸುವುದು 4ಜಿ ಮತ್ತು 5ಜಿ ಮಾತ್ರ, ಅದರ ಕರೆಗಳೂ 4ಜಿಯ ಮೇಲೆಯೇ ಹೋಗುತ್ತವೆ. ಅದಕ್ಕೆ 2ಜಿಯೇ ಇಲ್ಲ. ಇಲ್ಲದ ಜಾಲವನ್ನೇ ಹುಡುಕು ಎಂದು ಫೋನಿಗೆ ಕಟ್ಟಪ್ಪಣೆ ಮಾಡಿಟ್ಟರೆ ಅದು ಆರು ದಿನವಲ್ಲ, ಆರು ವರ್ಷ ಹುಡುಕಿದರೂ ಕಡ್ಡಿ ಮೂಡುವುದಿಲ್ಲ. ಅಪ್ಪನ ಫೋನಿನಲ್ಲಿ ಈ ಆಯ್ಕೆ ಅಂಟಿಕೊಂಡಿದ್ದುದು ಸಿಮ್‌ಗೆ ಅಲ್ಲ, ಅದು ಕೂರುವ ಸ್ಲಾಟ್‌ಗೆ. ಸಿಮ್ ಬದಲಾದರೂ ಹಳೆಯ ಅಪ್ಪಣೆ ಹಾಗೇ ಉಳಿದಿತ್ತು. ‘4G/3G/2G (auto)’ ಆರಿಸಿದೆ. ನಾನು ಕೈಯಿಂದ ಫೋನು ಕೆಳಗಿಡುವ ಮೊದಲೇ ಕಡ್ಡಿಗಳು ಬಂದವು.

ಅಪ್ಪ ಏನೂ ಮಾತನಾಡಲಿಲ್ಲ. “ಇಷ್ಟೇನಾ?” ಎಂದು ಕೇಳಿದರು, ಅಷ್ಟೇ. ಆ ಪ್ರಶ್ನೆ ನನ್ನ ಕಿವಿಯಿಂದ ಹೋಗುತ್ತಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಕರೆ ಹೋಗುತ್ತಿತ್ತು, ಡೇಟಾ ಮಾತ್ರ ಸತ್ತಿತ್ತು. ಮೊಬೈಲ್ ಡೇಟಾ ಆನ್ ಇತ್ತು, ಪ್ಯಾಕ್ ಕೂಡ ಇತ್ತು. ಕಡ್ಡಿ ತುಂಬಿದ್ದು, ಕರೆ ಸರಿಯಾಗಿದ್ದು, ಇಂಟರ್‌ನೆಟ್ ಮಾತ್ರ ಬಾರದಿದ್ದಾಗ ನೋಡಬೇಕಾದದ್ದು Access Point Names. ಫೋನು ಆ ಕಂಪನಿಯ ಇಂಟರ್‌ನೆಟ್‌ಗೆ ಯಾವ ಬಾಗಿಲಿನಿಂದ ಒಳಹೋಗಬೇಕು ಎಂದು ಹೇಳುವ ಹೆಸರು ಅದು. ಪ್ರತಿ ಕಂಪನಿಗೂ ಅದು ಬೇರೆ. ತೆರೆದು ನೋಡಿದರೆ, ನೂರು ರೂಪಾಯಿಯ ‘ಸೆಟ್ಟಿಂಗ್’ ಅಲ್ಲಿ ಕೂತಿತ್ತು: ಅಂಗಡಿಯವನು ಕೈಯಾರೆ ಒಂದು ಹೊಸ ನಮೂದು ಸೇರಿಸಿ, ಅದರಲ್ಲಿ ಹಳೆಯ ಕಂಪನಿಯ ಹೆಸರು ತುಂಬಿ, ಅದನ್ನೇ ಆರಿಸಿಟ್ಟಿದ್ದ. ಕಡ್ಡಿಯೇ ಇಲ್ಲದ ಫೋನಿಗೆ ಎಪಿಎನ್ ತಿದ್ದಿ ಏನು ಪ್ರಯೋಜನ? ಟವರ್ ಜೊತೆ ನಂಟೇ ಆಗದಿರುವಾಗ ಬಾಗಿಲಿನ ಹೆಸರು ಕಟ್ಟಿಕೊಂಡು ಏನು ಮಾಡಬೇಕು? ಅದರ ಮೇಲೆ, ತಿದ್ದಿದ್ದಾದರೂ ಸರಿಯಾಗಿ ತಿದ್ದಿದನೇ? ಅದೂ ಇಲ್ಲ. ಕರೆಗಳು ‘ims’ ಎಂಬ ಬೇರೆ ನಮೂದಿನ ಮೂಲಕ ಹೋಗುವುದರಿಂದ ಪುಣ್ಯಕ್ಕೆ ಅವು ಕೆಡಲಿಲ್ಲ. ಅವನು ಅದನ್ನೂ ಅಳಿಸಿದ್ದರೆ ಕರೆಗಳೂ ಕೆಡುತ್ತಿದ್ದವು.

ನಾನು ಏನನ್ನೂ ಟೈಪ್ ಮಾಡಲಿಲ್ಲ. ಮೂಲೆಯ ಮೂರು ಚುಕ್ಕಿ ಒತ್ತಿ Reset to default ಆರಿಸಿದೆ. ಅವನು ಸೇರಿಸಿದ್ದು ಅಳಿಸಿಹೋಗಿ, ಸಿಮ್‌ಗೆ ತಕ್ಕ ಸರಿಯಾದ ನಮೂದು ತಾನಾಗಿಯೇ ಬಂತು. ಏರೋಪ್ಲೇನ್ ಮೋಡ್ ಹಾಕಿ ತೆಗೆದೆ. ಕಡ್ಡಿಯ ಪಕ್ಕ 4ಜಿ ಮೂಡಿತು, ಆರು ದಿನದ ವಾಟ್ಸಾಪ್ ಸಂದೇಶಗಳು ಸಾಲುಗಟ್ಟಿ ಬಂದವು.

ಅವುಗಳ ನಡುವೆ ಕಬ್ಬು ಕಟಾವಿನ ಮೇಸ್ತ್ರಿಯ ಎರಡು ಧ್ವನಿ ಸಂದೇಶಗಳಿದ್ದವು. ಮೊದಲನೆಯದರಲ್ಲಿ, ಆಳುಗಳು ಬುಧವಾರ ನಮ್ಮ ಗದ್ದೆಗೆ ಬರುತ್ತಾರೆ, ಒಪ್ಪಿಗೆ ಹೇಳಿ ಎಂದಿದ್ದರು. ಎರಡನೆಯದರಲ್ಲಿ, “ನಿಮ್ಮ ಫೋನು ಸಿಗುತ್ತಿಲ್ಲ, ಬೇರೆಯವರ ಗದ್ದೆಗೆ ಇಳಿಯುತ್ತಿದ್ದೇವೆ” ಎಂದಿದ್ದರು. ನಮ್ಮ ಕಬ್ಬು ಸೂಲಂಗಿ ಬಿಟ್ಟು ನಿಂತಿದೆ, ದಿನ ಕಳೆದಷ್ಟೂ ತೂಕ ಇಳಿಯುತ್ತದೆ. ಸರಿಹೋದ ಫೋನಿನಿಂದ ಅಪ್ಪ ಮಾಡಿದ ಮೊದಲ ಕರೆ ಆ ಮೇಸ್ತ್ರಿಗೇ. ನಮ್ಮ ಸರದಿ ಇನ್ನು ಹದಿನೈದು ದಿನ ಬಿಟ್ಟು ಎಂದರಂತೆ.