ಡಿಲೀಟ್ ಆದ ವೀಡಿಯೊದ ಹೆಸರು ಎಲ್ಲಿ ಉಳಿಯುತ್ತದೆ

"ಲೈಕ್ ಕೊಟ್ಟ ತಾಳಮದ್ದಳೆ ವೀಡಿಯೊ ಡಿಲೀಟ್ ಆಗಿದೆ. ಲೈಕ್ ಪಟ್ಟಿಯಲ್ಲಿ ಹೆಸರು ಮಾಯ, ಕ್ರೋಮ್ ಹಿಸ್ಟರಿಯಲ್ಲಿ ಮಾತ್ರ ಹಾಗೇ ಉಂಟು. ಯಾಕೆ ಮಾರಾಯ್ರೆ?"

ಎರಡೂ ಕಡೆ ಇಟ್ಟುಕೊಂಡಿರುವುದು ಬೇರೆ ಬೇರೆ. ಯೂಟ್ಯೂಬಿನ ಲೈಕ್ ಪಟ್ಟಿಯಲ್ಲಿ ನಿಮ್ಮ ಪಾಲಿಗೆ ಇರುವುದು ವೀಡಿಯೊದ 11 ಅಕ್ಷರಗಳ ಗುರುತು ಮತ್ತು ಸೇರಿಸಿದ ಸಮಯ. ಹೆಸರು, ಚಿತ್ರವನ್ನು ಪ್ರತಿ ಸಲ ಮೂಲ ವೀಡಿಯೊದಿಂದಲೇ ತರಬೇಕು. ಮೂಲವೇ ಹೋದ ಮೇಲೆ ತರುವುದು ಎಲ್ಲಿಂದ? ಸಾಲು ಮಾತ್ರ ಖಾಲಿ ಉಳಿಯುತ್ತದೆ, ಅದೂ "Show unavailable videos" ಒತ್ತಿದರೆ.

ಕ್ರೋಮ್ ಹಾಗಲ್ಲ. ನೀವು ಪುಟ ತೆರೆದ ದಿನವೇ ಅದರ ಶೀರ್ಷಿಕೆಯನ್ನು, ವಿಳಾಸವನ್ನು, ಹೊತ್ತನ್ನು ನಕಲು ಮಾಡಿಟ್ಟಿತು. ಅತ್ತ ಅಳಿಸಿದ್ದು ಇದಕ್ಕೆ ಗೊತ್ತೇ ಇಲ್ಲ. ಆದರೆ ಅದು ಇಡುವುದು 90 ದಿನ ಮಾತ್ರ, ಹಾಗಾಗಿ ಬೇಗ ಬರೆದುಕೊಳ್ಳಿ. ಫೋನಿನ ಆ್ಯಪಿನಲ್ಲಿ ನೋಡಿದ್ದಾದರೆ ಕ್ರೋಮ್‌ನಲ್ಲಿ ಸಿಗುವುದೂ ಇಲ್ಲ.

ನನಗೆ ಹೋದ ಮಳೆಗಾಲ ಇದೇ ಆಯಿತು. ಉಡುಪಿಯ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಾವ ಹಿಂದೆ ಕಳಿಸಿದ್ದ ಲಿಂಕ್ ಹುಡುಕಿದೆ. ವೀಡಿಯೊ ಇಲ್ಲ, ಆದರೆ ಲಿಂಕಿನ ಮೇಲಿನ ಪುಟ್ಟ ಚೌಕದಲ್ಲಿ ಭಾಗವತರ ಚಿತ್ರ, ಪ್ರಸಂಗದ ಹೆಸರು ಎರಡೂ ಇದ್ದವು. ಕಳಿಸುವ ಹೊತ್ತಿಗೆ ಮಾವನ ಫೋನು ತೆಗೆದ ನಕಲು ಅದು.

ಹೆಸರು ಎಲ್ಲೂ ಸಿಗದಿದ್ದರೆ ವಿಳಾಸದಲ್ಲಿ `v=` ಆದ ಮೇಲಿನ 11 ಅಕ್ಷರಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿ. ಯಾರಾದರೂ ಹೆಸರಿನ ಸಮೇತ ಎಲ್ಲಾದರೂ ಹಂಚಿದ್ದರೆ ಸಿಕ್ಕೀತು. ವೀಡಿಯೊ ಮಾತ್ರ ಇದರಿಂದ ವಾಪಸ್ ಬರುವುದಿಲ್ಲ.