ಹತ್ತು ಕೆಬಿ ತೂಗದ ಸಹಿ

ತಂಗಿಯ ಮಗಳು ಬ್ಯಾಂಕ್ ಗುಮಾಸ್ತರ ಪರೀಕ್ಷೆಗೆ ಅರ್ಜಿ ತುಂಬಿದ ದಿನ ನಮ್ಮ ಪಡಸಾಲೆಯ ಬಾಗಿಲಿಗೆ ನನ್ನ ಪಂಚೆಯನ್ನು ನೇತುಹಾಕಲಾಗಿತ್ತು. ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆ ಕೇಳುವುದು ತಿಳಿಬಣ್ಣದ, ಆದಷ್ಟೂ ಬಿಳಿಯ ಹಿನ್ನೆಲೆ. ನಮ್ಮ ಗೋಡೆಗಳೋ ಗಿಳಿಹಸಿರು. ಮೊದಲ ಫೋಟೊದಲ್ಲಿ ಪಂಚೆಯ ಜರಿಯಂಚು ಅವಳ ಎಡಕಿವಿಯಿಂದಲೇ ಹೊರಟಂತಿತ್ತು. ಎರಡನೆಯದರಲ್ಲಿ ಅಂಚು ತಪ್ಪಿತು, ಬೆನ್ನ ಹಿಂದೆ ಅವಳದೇ ನೆರಳು ನಿಂತಿತು. ಬಟ್ಟೆಯಿಂದ ಎರಡಡಿ ಮುಂದೆ ಬಂದು ಕಿಟಕಿಗೆ ಮುಖ ಮಾಡಿದಾಗ ನೆರಳು ಹೋಯಿತು, ಆದರೆ ಕನ್ನಡಕದಲ್ಲಿ ಕಿಟಕಿಯ ಸರಳುಗಳು ಮೂಡಿದವು. ಕಣ್ಣು ಸ್ಪಷ್ಟವಾಗಿ ಕಾಣಬೇಕು, ಗಾಜು ಹೊಳೆಯಬಾರದು ಎಂಬುದೂ ಸೂಚನೆಯಲ್ಲಿದೆ. ಕನ್ನಡಕ ತೆಗೆಸಿದೆವು. ಐದನೆಯ ಫೋಟೊ ಸರಿಹೋಯಿತು.

ಮೊಬೈಲಿನ ನಾಲ್ಕು ಎಂಬಿಯ ಆ ಚಿತ್ರವನ್ನು 200 ಅಡ್ಡ, 230 ಉದ್ದದ ಪಿಕ್ಸೆಲ್‌ಗಳಿಗೆ ಕತ್ತರಿಸಿ, 20ರಿಂದ 50 ಕೆಬಿಯೊಳಗೆ ತರುವುದು ಕಷ್ಟವಾಗಲಿಲ್ಲ. ಕಾಡಿದ್ದು ಸಹಿ.

ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಸಹಿ ಹಾಕಿದಳು. ಅದಕ್ಕೆ ಹೇಳಿದ ಗಾತ್ರ 140 ಅಡ್ಡ, 60 ಎತ್ತರ. ತೂಕ 10ರಿಂದ 20 ಕೆಬಿ. ಹಾಳೆಯಿಡೀ ತೆಗೆದ ಫೋಟೊವನ್ನೇ ಕುಗ್ಗಿಸಿದರೆ ಸಹಿ ಇರುವೆಯಾಗುತ್ತದೆಂದು ಅಂಚಿಗೆ ಹತ್ತಿರವಾಗಿ ಕತ್ತರಿಸಿ, ಹೇಳಿದ ಅಳತೆಗೇ ತಂದು ಉಳಿಸಿದೆವು. ನಾಲ್ಕು ಕೆಬಿ ತೂಗಿತು. ಅರ್ಜಿ ಒಲ್ಲೆ ಎಂದಿತು.

“ಮಾವ, ಮೊದಲು ದೊಡ್ಡದಾಯಿತು ಎಂದಿತು, ಈಗ ಚಿಕ್ಕದಂತೆ” ಎಂದಳು.

ಲೆಕ್ಕ ಹಾಕಿ ನೋಡಿದೆ. 140ನ್ನು 60ರಿಂದ ಗುಣಿಸಿದರೆ ಒಟ್ಟು 8400 ಚುಕ್ಕಿ. ಅದರಲ್ಲಿ ಮುಕ್ಕಾಲುಪಾಲು ಬರಿಯ ಬಿಳಿ. ಚಿತ್ರ ಉಳಿಸುವ ಜೆಪೆಗ್ ಎಂಬ ಕ್ರಮ ಜಿಪುಣ. ಒಂದೇ ಬಣ್ಣ ಹರಡಿಕೊಂಡಿರುವ ಜಾಗವನ್ನು ಎರಡು ಮಾತಿನಲ್ಲಿ ಬರೆದುಕೊಂಡು ಉಳಿದ ಜಾಗ ಉಳಿಸುತ್ತದೆ. ಹಾಳೆ ಶುಭ್ರವಾದಷ್ಟೂ ಸಹಿ ಹಗುರ. ಸುಕ್ಕು, ನೆರಳು, ಕಾಫಿಯ ಕಲೆ ಇದ್ದಿದ್ದರೆ ತೂಕ ತಾನಾಗಿ ಏರುತ್ತಿತ್ತು! ಅಚ್ಚುಕಟ್ಟುತನಕ್ಕೆ ದಂಡ ಬೀಳುವುದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ, ಆದರೆ ಇಷ್ಟು ನಿಖರವಾಗಿ ಅಲ್ಲ.

ಸೂಚನೆಯನ್ನು ಮತ್ತೆ ಓದಿದಾಗ ದಾರಿ ಸಿಕ್ಕಿತು. ಪಿಕ್ಸೆಲ್ ಅಳತೆಯ ಮುಂದೆ ‘ಇದ್ದರೆ ಒಳ್ಳೆಯದು’ ಎಂಬರ್ಥದ ಮಾತಿದೆ. ಕೆಬಿಯ ಮಿತಿಗೆ ಆ ರಿಯಾಯಿತಿ ಇಲ್ಲ. ಅದೇ ಆಕಾರದಲ್ಲಿ ಎರಡರಷ್ಟು ಮಾಡಿ, 280ಕ್ಕೆ 120 ಇಟ್ಟು, ಗುಣಮಟ್ಟದ ಗುಂಡಿಯನ್ನು ಮೇಲಕ್ಕೆ ಎಳೆದು ಉಳಿಸಿದೆವು. ಹದಿಮೂರು ಕೆಬಿ. ಒಳಗೆ ಹೋಯಿತು.

ನಿಟ್ಟುಸಿರು ಬಿಟ್ಟು ಚಹಾಕ್ಕೆ ಎದ್ದವನನ್ನು ಮುನ್ನೋಟದ ಪುಟ ತಡೆಯಿತು. ಸಹಿ ಎದ್ದು ನಿಂತಿತ್ತು, ಮಲಗಿದ ಹಾವಿನ ಬದಲು ಹತ್ತುವ ಬಳ್ಳಿ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ‘ಇದನ್ನು ತಿರುಗಿಸಿ ತೋರಿಸು’ ಎಂಬ ಚೀಟಿಯೊಂದು ಅಡಗಿರುತ್ತದೆ. ಮೊಬೈಲು ಅದನ್ನು ಓದುತ್ತದೆ, ಅರ್ಜಿ ಓದಲಿಲ್ಲ. ಚಿತ್ರವನ್ನೇ ತಿರುಗಿಸಿ ಇನ್ನೊಮ್ಮೆ ಉಳಿಸಬೇಕಾಯಿತು.

ಆಗ ನನಗೆ ಹೊಳೆದದ್ದು, ಈ ಯಂತ್ರ ನೋಡಲೇ ಇಲ್ಲ, ಬರೇ ತೂಗಿತು. ಫೋಟೊದ ಜಾಗದಲ್ಲಿ ಸಹಿ, ಸಹಿಯ ಜಾಗದಲ್ಲಿ ಫೋಟೊ ಹಾಕಿದರೂ ತೂಕ ಹೊಂದಿದರೆ ತಕ್ಕಡಿಗೆ ತಕರಾರಿಲ್ಲದೆ ಹೋಗಬಹುದು. ಅದಲುಬದಲು ಮಾಡಿದವರಿಗೆ ಪರೀಕ್ಷೆಗೆ ಪ್ರವೇಶವಿಲ್ಲ ಎಂಬ ಎಚ್ಚರಿಕೆ ಸೂಚನೆಯಲ್ಲಿ ಇರುವುದು ಅದಕ್ಕೇ. ಕಣ್ಣಿನಿಂದ ನೋಡುವ ಮನುಷ್ಯ ಬರುವುದು ಆಮೇಲೆ, ಶುಲ್ಕ ಕಟ್ಟಿ, ಕೊನೆಯ ದಿನ ಕಳೆದ ಮೇಲೆ.

ಮುನ್ನೋಟದಲ್ಲಿ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ಹುಡುಗಿ ತನ್ನ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಸಾಲಾಗಿ ಬರೆದಿದ್ದಳು. ದೊಡ್ಡಕ್ಷರದ ಸಹಿ ಒಪ್ಪುವುದಿಲ್ಲ ಎಂದು ಅಲ್ಲೇ ಬರೆದಿದೆ. (ಕನ್ನಡಕ್ಕೆ ಈ ತಾಪತ್ರಯವಿಲ್ಲ, ನಮ್ಮಲ್ಲಿ ಅಕ್ಷರಗಳೆಲ್ಲ ಒಂದೇ ಅಂತಸ್ತಿನವು.)

“ನನ್ನ ಸಹಿಯೇ ಅದು ಮಾವ. ಏಳನೆಯ ತರಗತಿಯಿಂದಲೂ ಹಾಗೇ ಮಾಡುತ್ತೇನೆ.”

“ಇವತ್ತಿನಿಂದ ಬೇರೆ ಕಲಿ. ಪರೀಕ್ಷೆಯ ಕೋಣೆಯಲ್ಲಿ ಮಾಡುವ ಸಹಿ ಇದಕ್ಕೆ ತಾಳೆಯಾಗಬೇಕು, ನೆನಪಿರಲಿ.”

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅವಳು ಹೊಸ ಸಹಿ ಕಲಿಯಲು ಕುಳಿತಳು. ಮೊದಲ ಸಾಲಿನವು ಒಂದೊಂದೂ ಒಂದೊಂದು ಹೆಂಗಸಿನದು. ಮೂರನೆಯ ಸಾಲಿನಲ್ಲಿ ಕೊನೆಯ ಬಾಲವೊಂದು ಸ್ಥಿರವಾಯಿತು. ಒಳಗಿನಿಂದ ನನ್ನಾಕೆ, ಸಂಜೆ ದೇವಸ್ಥಾನಕ್ಕೆ ಹೋಗುವುದಿದ್ದರೆ ಪಂಚೆ ಇಳಿಸಿಕೊಳ್ಳಿ ಎಂದಳು.